ಅರ್ಧ ಜನಕ್ಕೆ ಸೈಟ್ ತೆರೆಯುತ್ತೆ, ಅರ್ಧ ಜನಕ್ಕೆ ಇಲ್ಲ. ಯಾರಾದ್ರೂ ಹೇಳಿ (ದಾವಣಗೆರೆ)

ರವಿ_ಪಿಜೆ
ನಮ್ಮ ಮಾವನ ಹೋಲ್‌ಸೇಲ್ ಬಟ್ಟೆ ಅಂಗಡಿಯ ಸೈಟ್ ನಾನೇ ನೋಡಿಕೊಳ್ಳುತ್ತೇನೆ. ಸೋಮವಾರದಿಂದ ತಲೆ ಕೆಟ್ಟು ಹೋಗಿದೆ. ಅಂಗಡಿಯ ಬ್ರಾಡ್‌ಬ್ಯಾಂಡಿನಲ್ಲಿ ಸೈಟ್ ಸಲೀಸಾಗಿ ತೆರೆಯುತ್ತದೆ. ನನ್ನ ಮೊಬೈಲ್ ಡೇಟಾದಲ್ಲಿ ತೆರೆಯುವುದಿಲ್ಲ. ಚಳ್ಳಕೆರೆ, ಹಿರಿಯೂರಿನ ಗಿರಾಕಿಗಳು ಫೋನ್ ಮಾಡಿ ಬೈಯುತ್ತಿದ್ದಾರೆ. ಸರ್ವರ್ ಓಡುತ್ತಿದೆ, ಸರ್ಟಿಫಿಕೇಟ್ ಸರಿ ಇದೆ, ಬಿಲ್ ಕಟ್ಟಿದೆ. ಇದು ಮೊಬೈಲ್ ಕಂಪನಿಯವರ ತೊಂದರೆ ಅಂತ ನನಗೆ ಖಾತ್ರಿ. ಅವರಿಗೆ ದೂರು ಕೊಡುವುದು ಹೇಗೆ?

ಸಿದ್ದೇಶ್_ಹರಿಹರ
ಪ್ರೊಪಗೇಶನ್ ಗುರು, ಡಿಎನ್‌ಎಸ್ ಮಾಹಿತಿ ಎಲ್ಲ ಕಡೆ ಹರಡಬೇಕು. 48 ಗಂಟೆ ಕಾಯಬೇಕು. ತಾನಾಗೇ ಸರಿ ಹೋಗುತ್ತೆ.

ರವಿ_ಪಿಜೆ
ಮೂರು ದಿನ ಆಯ್ತು ಅಣ್ಣ. ಮೊದಲ ದಿನ ಒಬ್ಬರೋ ಇಬ್ಬರೋ ಹೇಳಿದ್ದರು. ಈಗ ಜಾಸ್ತಿ ಜನ ಹೇಳುತ್ತಿದ್ದಾರೆ.

ಸಿದ್ದೇಶ್_ಹರಿಹರ
ಕೆಲವು ಕಡೆ 72 ಗಂಟೆ ಹಿಡಿಯುತ್ತೆ. ನಮ್ಮ ಕಾಲೇಜಿನ ಸೈಟಿಗೂ ಹೀಗೇ ಆಗಿತ್ತು. ಫೋನ್ ಒಂದ್ಸಲ ಏರೋಪ್ಲೇನ್ ಮೋಡಿಗೆ ಹಾಕಿ ತೆಗೆಯಿರಿ.

ಶೈಲಾ_ಎಂ
ರವಿ ಅವರೇ, ಡೊಮೇನ್ ಹೆಸರು ಹೇಳದೆ ನಾವು ಏನು ನೋಡೋಣ? ಏರೋಪ್ಲೇನ್ ಮೋಡ್ ಸದ್ಯಕ್ಕೆ ಬಿಡಿ. ಲ್ಯಾಪ್‌ಟಾಪಿನಲ್ಲಿ ಈ ಎರಡು ಓಡಿಸಿ, ಬಂದದ್ದನ್ನು ಇಲ್ಲಿ ಹಾಕಿ. ಹೆಸರು ಮುಚ್ಚಿಡಬೇಕಿದ್ದರೆ ಮುಚ್ಚಿಡಿ.

```
dig example.com A @8.8.8.8
dig example.com A @8.8.8.8 +cd
```

ಇನ್ನೊಂದು ಪ್ರಶ್ನೆ. ಅಂಗಡಿಗೆ ಬರುವ ಇಮೇಲ್ ಸರಿಯಾಗಿ ಬರುತ್ತಿದೆಯಾ?

ರವಿ_ಪಿಜೆ
ಹೆಸರು ನಿಮಗೆ ಖಾಸಗಿಯಾಗಿ ಕಳಿಸಿದ್ದೇನೆ ಮೇಡಂ. ಮೊದಲನೆಯದು ಹೀಗೆ:

```
status: SERVFAIL
; EDE: 9 (DNSKEY Missing): (No DNSKEY matches DS RRs of example.com)
```

ಎರಡನೆಯದರಲ್ಲಿ `NOERROR` ಅಂತ ಬಂತು, ನಮ್ಮ ಐಪಿ ಸರಿಯಾಗೇ ಇದೆ. ಮೇಲ್ ವಿಚಾರ ಹೇಗೆ ಗೊತ್ತಾಯ್ತು? ಸೂರತ್ತಿನ ಪಾರ್ಟಿ ಕಳಿಸಿದ ಮೇಲ್ ಬಂದಿಲ್ಲ. ಅವರಿಗೆ ವಾಪಸ್ಸೂ ಹೋಗಿಲ್ಲವಂತೆ.

ಶೈಲಾ_ಎಂ
ಹಾಗಾದರೆ ಮೊಬೈಲ್ ಕಂಪನಿಗೆ ದೂರು ಕೊಡಬೇಡಿ, ಅವರದ್ದೇನೂ ತಪ್ಪಿಲ್ಲ. `+cd` ಅಂದರೆ "ಸಹಿ ನೋಡಬೇಡ, ಉತ್ತರ ಮಾತ್ರ ಕೊಡು" ಎಂದು ಕೇಳಿದ ಹಾಗೆ. ಸಹಿ ನೋಡದಿದ್ದರೆ ಉತ್ತರ ಬರುತ್ತೆ, ನೋಡಿದರೆ ಬರುವುದಿಲ್ಲ. ಡಿಎನ್‌ಎಸ್ ಉತ್ತರಕ್ಕೆ ಸಹಿ ಹಾಕುವ ವ್ಯವಸ್ಥೆ ಡಿಎನ್‌ಎಸ್‌ಸೆಕ್, ಅದರ ಕೊಂಡಿ ಮುರಿದಿದೆ. ಇತ್ತೀಚೆಗೆ ಡಿಎನ್‌ಎಸ್ ಬೇರೆ ಕಡೆಗೆ ಹಾಕಿದ್ದೀರಾ?

ರವಿ_ಪಿಜೆ
ಹಾಕಿದ್ದೇವೆ, ಹೋದ ಶನಿವಾರ. ಆದರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬದಲಾಯಿಸಿದ ಮೇಲೆ ಭಾನುವಾರವೆಲ್ಲ ಎಲ್ಲರಿಗೂ ತೆರೆಯುತ್ತಿತ್ತು. ಹೊಸ ಪ್ಯಾನೆಲ್‌ನಲ್ಲಿ ಡಿಎನ್‌ಎಸ್‌ಸೆಕ್ ಆನ್ ಅಂತ ಹಸಿರು ಟಿಕ್ ಕೂಡ ಇದೆ.

ಬಸಣ್ಣ_ಪೈ
ವಿದ್ಯಾನಗರದ ಮನೆಯಲ್ಲಿ ರಾಸ್ಪ್‌ಬೆರಿ ಪೈ 4 ಮೇಲೆ ಅನ್‌ಬೌಂಡ್ ಎಂಬ ಡಿಎನ್‌ಎಸ್ ಸಾಫ್ಟ್‌ವೇರ್ ಓಡಿಸುತ್ತೇನೆ. ಯುಪಿಎಸ್ ಬೇರೆ ಇದೆ, ಕರೆಂಟ್ ಹೋದರೂ ನನ್ನ ಡಿಎನ್‌ಎಸ್ ನಿಲ್ಲುವುದಿಲ್ಲ. ನಿಮ್ಮ ಡೊಮೇನ್ ಹೇಳಿದರೆ ನಾನೂ ನೋಡುತ್ತೇನೆ.

ಸಿದ್ದೇಶ್_ಹರಿಹರ
ಡಿಎನ್‌ಎಸ್ ಬದಲಾಯಿಸಿದ್ದಾರೆ ಅಂದ ಮೇಲೆ ಪ್ರೊಪಗೇಶನ್ನೇ ಅಲ್ವಾ? ನಾನು ಮೊದಲೇ ಹೇಳಿದೆ.

ಶೈಲಾ_ಎಂ
ಸಿದ್ದೇಶ್, ನೀವು ಹೇಳಿದ್ದರಲ್ಲಿ ಅರ್ಧ ನಿಜ. ಹಳೆ ನೆನಪು, ಅಂದರೆ ಕ್ಯಾಶ್, ಉಳಿದಿದ್ದರಿಂದಲೇ ಭಾನುವಾರ ಸೈಟ್ ತೆರೆಯುತ್ತಿತ್ತು. `.com` ಸರ್ವರ್‌ಗಳು ಕೊಡುವ ನೇಮ್‌ಸರ್ವರ್ ಮಾಹಿತಿಯನ್ನು 172800 ಸೆಕೆಂಡ್, ಅಂದರೆ ಎರಡು ದಿನ, ಇಟ್ಟುಕೊಳ್ಳಬಹುದು. ಅಲ್ಲಿಯವರೆಗೆ, ಜನರ ಪರವಾಗಿ ಹೆಸರಿಗೆ ಐಪಿ ಹುಡುಕಿಕೊಡುವ ತುಂಬಾ ರಿಸಾಲ್ವರ್‌ಗಳು ಹಳೆ ನೇಮ್‌ಸರ್ವರನ್ನೇ ಕೇಳುತ್ತಿದ್ದವು. ಅಲ್ಲಿ ಹಳೆ ಕೀ, ಹಳೆ ಸಹಿ, ಎಲ್ಲ ತಾಳೆಯಾಗುತ್ತಿತ್ತು. ಆ ನೆನಪು ಅಳಿದ ಹಾಗೆ ಒಬ್ಬೊಬ್ಬರೇ ಹೊಸ ನೇಮ್‌ಸರ್ವರಿಗೆ ಬಂದು ಮುಗ್ಗರಿಸುತ್ತಿದ್ದಾರೆ. ದಿನ ಕಳೆದಂತೆ ದೂರು ಹೆಚ್ಚಿದ್ದು ಇದಕ್ಕೇ. ಕಾದರೆ ಸರಿ ಹೋಗುವುದಿಲ್ಲ, ಇನ್ನೂ ಕೆಡುತ್ತದೆ.

ರವಿ, ನಿಮ್ಮ ಡೊಮೇನಿಗೆ ನಾನು ನೋಡಿದ್ದು ಇದು. ಮೊದಲನೆಯದು `.com` ಹೇಳುವುದು, ಎರಡನೆಯದು ನಿಮ್ಮ ಹೊಸ ನೇಮ್‌ಸರ್ವರ್ ಹೇಳುವುದು. ಉದ್ದದ ಭಾಗ ಕತ್ತರಿಸಿದ್ದೇನೆ.

```
$ dig +short DS example.com @a.gtld-servers.net
31846 13 2 9C4E...

$ dig +multiline DNSKEY example.com @ns1.example.net
257 3 13 ( ... ) ; KSK; alg = ECDSAP256SHA256 ; key id = 50412
```

`.com` ಹತ್ತಿರ ನಿಮ್ಮ ಬಗ್ಗೆ ಒಂದು ಡಿಎಸ್ ರೆಕಾರ್ಡ್ ಇದೆ. "ಈ ಡೊಮೇನಿನ ಕೀ 31846, ಅದರ ಹ್ಯಾಶ್ ಇದು" ಎಂದು `.com` ತನ್ನ ಸಹಿ ಹಾಕಿ ಹೇಳುತ್ತಿದೆ. `.com` ಕೀಗೆ ರೂಟ್ ಇದೇ ರೀತಿ ಸಾಕ್ಷಿ. ರೂಟ್ ಕೀ ರಿಸಾಲ್ವರ್ ಒಳಗೇ ಇರುತ್ತದೆ. ಮೇಲಿನಿಂದ ಎರಡು ಕೊಂಡಿ ಗಟ್ಟಿ ಇವೆ. ಕೊನೆಯದರಲ್ಲಿ ನಿಮ್ಮ ಸರ್ವರ್ 50412 ಎಂಬ ಕೀ ತೋರಿಸುತ್ತಿದೆ. ರಿಸಾಲ್ವರ್ ಕಣ್ಣಿಗೆ ಇದು ಯಾರೋ ನಡುವೆ ನಕಲಿ ಉತ್ತರ ತೂರಿಸಿದ ಹಾಗೇ ಕಾಣುತ್ತದೆ. ಅದಕ್ಕೇ `SERVFAIL`. ಹಸಿರು ಟಿಕ್ ಹೇಳುವುದು ಹೊಸ ಕಡೆ ಸಹಿ ಹಾಕುತ್ತಿದ್ದಾರೆ ಅಂತ ಅಷ್ಟೇ. ಮೇಲಿನವರಿಗೆ ಅದು ಗೊತ್ತಾಗಿದೆ ಅಂತ ಅಲ್ಲ.

ಅಂಗಡಿಯಲ್ಲಿ ತೆರೆಯುವುದಕ್ಕೆ ಕಾರಣ ಅಲ್ಲಿನ ರಿಸಾಲ್ವರ್ ಸಹಿ ನೋಡುವುದೇ ಇಲ್ಲ ಅನಿಸುತ್ತೆ. ಅಲ್ಲಿಂದ `dig dnssec-failed.org` ಓಡಿಸಿ. ಅದು ಬೇಕೆಂದೇ ಕೆಡಿಸಿಟ್ಟ ಡೊಮೇನ್. ಉತ್ತರ ಬಂದರೆ ನನ್ನ ಮಾತು ಸರಿ.

ಸಿದ್ದೇಶ್_ಹರಿಹರ
ಇಷ್ಟೆಲ್ಲ ಯಾಕೆ? ಹೊಸ ಪ್ಯಾನೆಲ್‌ನಲ್ಲಿ ಡಿಎನ್‌ಎಸ್‌ಸೆಕ್ ಆಫ್ ಮಾಡಿ ಬಿಡಿ. ಬಟ್ಟೆ ಅಂಗಡಿಗೆ ಅದೆಲ್ಲ ಯಾಕೆ ಬೇಕು?

ರವಿ_ಪಿಜೆ
ಹೌದು, `dnssec-failed.org` ಅಂಗಡಿಯಿಂದ ಉತ್ತರ ಕೊಟ್ಟಿತು. ಸಿದ್ದೇಶಣ್ಣ ಹೇಳಿದ ಹಾಗೆ ಆಫ್ ಮಾಡಿದೆ. ಅರ್ಧ ಗಂಟೆ ಆಯ್ತು, ಈಗಲೂ `SERVFAIL`.

ಶೈಲಾ_ಎಂ
ಅಯ್ಯೋ, ಅಲ್ಲಿ ಆಫ್ ಮಾಡಬಾರದಿತ್ತು. `.com`ನಲ್ಲಿರುವ ಡಿಎಸ್ ಬದಲಾಯಿಸುವುದು ಹೊಸ ಪ್ಯಾನೆಲ್‌ನಲ್ಲಿ ಅಲ್ಲ, ಡೊಮೇನ್ ಕೊಂಡ ಕಡೆ, ಅಂದರೆ ರಿಜಿಸ್ಟ್ರಾರ್ ಹತ್ತಿರ. "ಈ ಡೊಮೇನಿಗೆ ಸಹಿ ಇದ್ದೇ ಇರುತ್ತೆ" ಎಂದು `.com` ಇನ್ನೂ ಹೇಳುತ್ತಿದೆ, ನೀವು ಸಹಿಯನ್ನೇ ತೆಗೆದಿರಿ. ಡಿಎಸ್ ಇಲ್ಲದ, ಸಹಿಯೂ ಇಲ್ಲದ ಡೊಮೇನ್ ಮಾಮೂಲಾಗಿ ತೆರೆಯುತ್ತೆ. ಡಿಎಸ್ ಇದ್ದು ಸಹಿ ಇಲ್ಲದ್ದು ಸತ್ತ ಹಾಗೆ. 2021ರ ಸೆಪ್ಟೆಂಬರ್ 30ರಂದು ಸ್ಲಾಕ್ ಕೂಡ ಹೀಗೇ ಸಿಕ್ಕಿಬಿದ್ದಿತ್ತು. ಡಿಎಸ್ ತೆಗೆದರು, ಆದರೆ ಅದು ಎಲ್ಲ ಕಡೆ ಕ್ಯಾಶ್‌ನಿಂದ ಹೋಗುವ ಮುಂಚೆಯೇ ಸಹಿ ನಿಲ್ಲಿಸಿದರು.

ಈಗ ಮತ್ತೆ ಆನ್ ಮಾಡಿ. ಆನ್ ಮಾಡಿದಾಗ ಹೊಸ ಕೀ ಹುಟ್ಟಿರಬಹುದು. 50412 ಅಂತ ನಾನು ಹಾಕಿದ್ದನ್ನು ನಂಬಬೇಡಿ, ಪ್ಯಾನೆಲ್ ಈಗ ತೋರಿಸುವ ಡಿಎಸ್ ತೆಗೆದುಕೊಳ್ಳಿ. ಆಮೇಲೆ ರಿಜಿಸ್ಟ್ರಾರ್‌ಗೆ ಲಾಗಿನ್ ಆಗಿ, ಹಳೆಯ 31846 ಅಳಿಸಿ ಹೊಸದನ್ನು ಹಾಕಿ.

ರವಿ_ಪಿಜೆ
ಕೀ ಟ್ಯಾಗ್ ನಿಜಕ್ಕೂ ಬದಲಾಗಿದೆ. ರಿಜಿಸ್ಟ್ರಾರ್ ಲಾಗಿನ್ ಮೊದಲು ಸೈಟ್ ಮಾಡಿಕೊಟ್ಟ ಹುಡುಗನ ಹತ್ತಿರ ಇದೆ. ಅವನು ಈಗ ಬೆಂಗಳೂರಿನಲ್ಲಿ. ಫೋನ್ ಎತ್ತುತ್ತಿಲ್ಲ.

ಕೋಟೆ_ಹೋಂಸ್ಟೇ
ಚಿತ್ರದುರ್ಗದಿಂದ. ನನಗೂ ಇದೇ ಡಿಎನ್‌ಎಸ್‌ಸೆಕ್ ತೊಂದರೆ. ದುಡ್ಡು ಕೊಟ್ಟು ಹಾಕಿಸಿದ್ದೆ, ಆದರೂ ನಮ್ಮ ಹೋಂಸ್ಟೇ ಸೈಟ್ ತೆರೆದರೆ ಬೆಟ್ಟಿಂಗ್ ಪುಟ ಬರುತ್ತೆ. ಅದೂ ಮೊಬೈಲ್‌ನಲ್ಲಿ ಮಾತ್ರ. ಡಿಎಸ್ ಬದಲಾಯಿಸಿದರೆ ಹೋಗುತ್ತಾ?

ಶೈಲಾ_ಎಂ
ಹೋಗುವುದಿಲ್ಲ ಸರ್, ನಿಮ್ಮದು ಬೇರೆ ರೋಗ. ನಿಮ್ಮ ಹೆಸರಿಗೆ ನಿಮ್ಮ ಸರ್ವರಿನ ಐಪಿಯೇ ಬರುತ್ತಿದ್ದರೆ ಡಿಎನ್‌ಎಸ್‌ಸೆಕ್ ತನ್ನ ಕೆಲಸ ಮಾಡಿದೆ. ಸರ್ವರ್ ಒಳಗೆ ಯಾರೋ ಕೋಡ್ ತುರುಕಿದ್ದಾರೆ. ಮೊಬೈಲ್‌ಗೆ ಮಾತ್ರ ಬೇರೆ ಪುಟ ತೋರಿಸುವುದು ಅಂಥವರ ಹಳೆ ಚಾಳಿ. ವರ್ಡ್‌ಪ್ರೆಸ್ ಪ್ಲಗಿನ್, `.htaccess` ನೋಡಿಸಿ. ರೆಕಾರ್ಡ್ ದಾರಿಯಲ್ಲಿ ಬದಲಾಗಿಲ್ಲ ಅಂತಷ್ಟೇ ಸಹಿ ಹೇಳುತ್ತದೆ. ಆ ವಿಳಾಸದ ಮನೆಯೊಳಗೆ ಏನಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಕೋಟೆ_ಹೋಂಸ್ಟೇ
ಮತ್ತೆ ಅವರು "ಇನ್ನು ಯಾರೂ ಹ್ಯಾಕ್ ಮಾಡಕ್ಕಾಗಲ್ಲ" ಅಂದಿದ್ದರಲ್ಲ?

ಬಸಣ್ಣ_ಪೈ
ಸುಮ್ನೆ ಮಾರಾಟದ ಮಾತು ಸರ್. ಆದರೆ ನನ್ನ ಮನೆಯ ಹಾಗೆ ಮಾಡಿಕೊಂಡರೆ ನೀವು ಯಾವ ಸೈಟ್ ನೋಡುತ್ತೀರಿ ಅಂತ ಯಾರಿಗೂ ಗೊತ್ತಾಗಲ್ಲ. ಎಲ್ಲ ಡಿಎನ್‌ಎಸ್‌ಸೆಕ್.

ಶೈಲಾ_ಎಂ
ಬಸಣ್ಣ ಅವರೇ, ಅದೂ ಸರಿಯಲ್ಲ. ಡಿಎನ್‌ಎಸ್‌ಸೆಕ್ ಏನನ್ನೂ ಮುಚ್ಚಿಡುವುದಿಲ್ಲ. ಸಹಿ ಹಾಕಿದ ಪೋಸ್ಟ್‌ಕಾರ್ಡ್ ಅದು, ತಿದ್ದಿದರೆ ಗೊತ್ತಾಗುತ್ತೆ, ಓದುವುದಕ್ಕೆ ಅಡ್ಡಿ ಇಲ್ಲ. ನಿಮ್ಮ ಪೈನಿಂದ ಹೊರಡುವ ಪ್ರಶ್ನೆಗಳು ಬಯಲಲ್ಲೇ ಹೋಗುತ್ತವೆ. ಆದರೆ ನಿಮ್ಮ ಸೆಟಪ್ಪಿಗೆ ಇನ್ನೊಂದು ಲಾಭ ಇದೆ. ಸಹಿ ಪರೀಕ್ಷೆ ನಿಮ್ಮ ಮನೆಯೊಳಗೇ ಆಗುತ್ತೆ. ಗೂಗಲ್‌ನ 8.8.8.8 ಬಳಸುವವರಿಗೆ ಪರೀಕ್ಷೆ ಆಗುವುದು ಅಲ್ಲಿ. ಅಲ್ಲಿಂದ ಫೋನ್‌ವರೆಗೆ ಬರುವುದು "ನೋಡಿದ್ದೇನೆ, ಸರಿ ಇದೆ" ಎನ್ನುವ ಒಂದು `ad` ಗುರುತು ಅಷ್ಟೇ. ಆ ದಾರಿ ಬಯಲಾಗಿದ್ದರೆ ನಡುವಿನವರು ಅದನ್ನೂ ನಕಲಿ ಮಾಡಬಹುದು.

ಬಸಣ್ಣ_ಪೈ
ನನ್ನ `root.key` ಫೈಲಿನಲ್ಲಿ ರೂಟ್ ಕೀಗಳಾದ 20326, 38696 ಎರಡೂ ಇವೆ. ನಿಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ ಹೇಳಿ ನೋಡೋಣ.

ಸಿದ್ದೇಶ್_ಹರಿಹರ
ನೋಡಿ, ನಾನು ಹೇಳುವುದು ಇದೇ. ಕಳ್ಳ ಸರ್ವರ್ ಒಳಗೆ ಬಂದರೆ ತಡೆಯಲ್ಲ, ಯಾರೂ ಓದದಂತೆ ಮಾಡಲ್ಲ. ರವಿಯ ಅಂಗಡಿ ಮೂರು ದಿನ ಮುಚ್ಚಿದ್ದು ಮಾತ್ರ ನಿಜ. ಹೇಗಿದ್ದರೂ ಎಚ್‌ಟಿಟಿಪಿಎಸ್ ಇದೆಯಲ್ಲ. ಡಿಎಸ್ ಪೂರ್ತಿ ತೆಗೆದುಬಿಡಿ.

ಶೈಲಾ_ಎಂ
ತೆಗೆಯುವುದೂ ಒಂದು ದಾರಿ, ಸೈಟ್ ತೆರೆಯುತ್ತೆ. ಅದು ರವಿ ಇಷ್ಟ. ಆದರೆ ಮೇಲ್ ವಿಚಾರ ಯೋಚಿಸಿ. ಮೇಲ್ ಎಲ್ಲಿಗೆ ಹೋಗಬೇಕು ಅನ್ನುವುದು ಡಿಎನ್‌ಎಸ್‌ನಿಂದಲೇ ಗೊತ್ತಾಗುವುದು, ಅಲ್ಲಿ ಬ್ರೌಸರಿನ ಬೀಗ ಕಾಣುವುದಿಲ್ಲ. ರಿಸಾಲ್ವರಿನ ಕ್ಯಾಶ್‌ಗೆ ನಕಲಿ ಉತ್ತರ ತುಂಬಬಹುದು ಅಂತ 2008ರಲ್ಲಿ ಭದ್ರತಾ ಸಂಶೋಧಕ ಡಾನ್ ಕಾಮಿನ್‌ಸ್ಕಿ ತೋರಿಸಿದ್ದರು. ಡಿಎನ್‌ಎಸ್‌ಸೆಕ್ ತಡೆಯುವುದು ಅಂಥದ್ದನ್ನೇ. ಇಲ್ಲಿ ಇನ್ನೂ ದೊಡ್ಡ ಅಪಾಯ ಬೇರೆ ಇದೆ, ರಿಜಿಸ್ಟ್ರಾರ್ ಪಾಸ್‌ವರ್ಡ್ ಆ ಹುಡುಗನ ಹತ್ತಿರ ಇರುವುದು. ಅದು ಕಳ್ಳರ ಕೈ ಸೇರಿದರೆ ನೇಮ್‌ಸರ್ವರ್, ಡಿಎಸ್ ಎರಡನ್ನೂ ಬದಲಾಯಿಸುತ್ತಾರೆ. ಆಗ ಕೊಂಡಿ ಎಲ್ಲ ಸರಿಯಾಗೇ ತಾಳೆಯಾಗುತ್ತೆ, ಯಾವ ರಿಸಾಲ್ವರೂ ತಡೆಯುವುದಿಲ್ಲ.

ಸಿದ್ದೇಶ್_ಹರಿಹರ
ನೀವೇ ನನ್ನ ಪರವಾಗಿ ವಾದ ಮಾಡುತ್ತಿದ್ದೀರಿ ಮೇಡಂ.

ರವಿ_ಪಿಜೆ
ಹುಡುಗ ಸಿಕ್ಕಿದ. ಲಾಗಿನ್ ನಮ್ಮ ಹೆಸರಿಗೆ ಮಾಡಿಸಿಕೊಂಡು ಪಾಸ್‌ವರ್ಡ್ ಬದಲಾಯಿಸಿದೆ. ಹಳೆ ಡಿಎಸ್ ತೆಗೆದು ಹೊಸದು ಹಾಕಿದೆ. `a.gtld-servers.net` ಈಗ ಹೊಸದನ್ನೇ ತೋರಿಸುತ್ತೆ. 8.8.8.8 ಮಾತ್ರ ಇನ್ನೂ `SERVFAIL`.

ಶೈಲಾ_ಎಂ
`.com` ಡಿಎಸ್ 86400 ಸೆಕೆಂಡ್ ಕ್ಯಾಶ್‌ನಲ್ಲಿ ಇರಬಹುದು. ಸಿದ್ದೇಶ್, ಈಗ ಒಂದು ದಿನ ಕಾಯಿರಿ ಅಂದರೆ ಒಪ್ಪುತ್ತೇನೆ. ಬೇಗ ಬೇಕಿದ್ದರೆ ಗೂಗಲ್, ಕ್ಲೌಡ್‌ಫ್ಲೇರ್ ಎರಡೂ ಕಡೆ ಕ್ಯಾಶ್ ಅಳಿಸುವ ಪುಟ ಇದೆ. ಅಲ್ಲಿ ನಿಮ್ಮ ಡೊಮೇನಿನ `DS`, `DNSKEY` ಆರಿಸಿ ಅಳಿಸಿ. ಸೂರತ್ತಿನ ಮೇಲ್ ಬಹುಶಃ ಕಳೆದಿಲ್ಲ. `SERVFAIL` ಬಂದರೆ ಕಳಿಸುವ ಸರ್ವರ್ ಸಾಮಾನ್ಯವಾಗಿ ಮೇಲನ್ನು ಸಾಲಿನಲ್ಲಿಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತೆ. ಅದಕ್ಕೇ ವಾಪಸ್ಸೂ ಹೋಗಿಲ್ಲ.

ರವಿ_ಪಿಜೆ
ಅಳಿಸಿದೆ, 8.8.8.8 ಸರಿಯಾಯ್ತು, `ad` ಕೂಡ ಬರುತ್ತಿದೆ. ಸೂರತ್ತಿನ ಮೇಲ್ ರಾತ್ರಿ ಬಂತು. ಹಿರಿಯೂರಿನವರಿಗೆ ತೆರೆಯುತ್ತೆ. ಚಳ್ಳಕೆರೆಯ ಒಬ್ಬ ಗಿರಾಕಿಗೆ ಮಾತ್ರ ಇನ್ನೂ ಇಲ್ಲ, ಅವರ ಆಫೀಸ್ ವೈಫೈನಲ್ಲಿ.

ಬಸಣ್ಣ_ಪೈ
ಅವರಿಗೆ ಒಂದು ಪೈ ತೆಗೆದುಕೊಳ್ಳಲು ಹೇಳಿ.

ಕೋಟೆ_ಹೋಂಸ್ಟೇ
`.htaccess` ಫೈಲ್ ಎಲ್ಲಿರುತ್ತೆ? ಯಾರಾದ್ರೂ ಹೇಳಿ.