ತೊಟ್ಟಿಲಿನ ಲೂಪ್ ಜರ್ಕ್ ಹೊಡೆಯದಂತೆ ಕತ್ತರಿಸುವುದು

«ಚಿಕ್ಕಪ್ಪ, ನಾಮಕರಣದ ಕರೆಯೋಲೆಗೆ ಹಾಕೋಣ ಅಂತ ತೊಟ್ಟಿಲು ತೂಗುವ ವಿಡಿಯೋ ತೆಗೆದೆ. ಮೂರ್ನಾಲ್ಕು ಸೆಕೆಂಡ್ ಕತ್ತರಿಸಿ ಲೂಪ್ ಮಾಡಿದರೆ ಪ್ರತಿಸಲ ಕೊನೆಯಲ್ಲಿ ಒಂದು ಜರ್ಕ್. ನಿಲ್ಲದೆ ತೂಗುತ್ತಲೇ ಇರೋ ಹಾಗೆ ಕಾಣಬೇಕು. ಏನು ಮಾಡಲಿ?»

ಪುಟ್ಟಿ, ಮಾತಾಡಿ ಕಳಿಸೋಣ ಅಂದುಕೊಂಡೆ. ಆದರೆ ಮಧ್ಯೆ ಒಂದಿಷ್ಟು ನಂಬರು ಬರುತ್ತವೆ, ಕೇಳಿಸಿಕೊಂಡು ಬರೆದುಕೊಳ್ಳುವುದು ಕಷ್ಟ. ಅದಕ್ಕೇ ಟೈಪ್ ಮಾಡುತ್ತಿದ್ದೇನೆ. ಉದ್ದ ಆಗುತ್ತದೆ, ಬೇರೆಯವರು ಬೇಕಾದರೆ ದಾಟಿಸಿಕೊಂಡು ಹೋಗಿ.

ನೀನು ಗ್ರೂಪಿಗೆ ಹಾಕಿದ 20 ಸೆಕೆಂಡಿನ ವಿಡಿಯೋ ಇಳಿಸಿಕೊಂಡು ನೋಡಿದೆ. ಕ್ಯಾಮೆರಾ ಅಲುಗಾಡಿಲ್ಲ, ಸ್ಟ್ಯಾಂಡ್ ಮೇಲೆ ಇಟ್ಟಿದ್ದೀಯ. ಅರ್ಧ ಕೆಲಸ ಅಲ್ಲೇ ಮುಗಿದಿದೆ. ಹಿಂದಿನ ಕಿಟಕಿ ಸರಳುಗಳೂ ಚೆನ್ನಾಗಿ ಕಾಣುತ್ತಿವೆ, ಅವು ಆಮೇಲೆ ಕೆಲಸಕ್ಕೆ ಬರುತ್ತವೆ.

ಜರ್ಕ್ ಬರುವುದು ಯಾಕೆ ಅಂದರೆ, ನೀನು ಕತ್ತರಿಸಿದ್ದು ಸೆಕೆಂಡಿನ ಲೆಕ್ಕದಲ್ಲಿ. ಕತ್ತರಿಸಬೇಕಾದ್ದು ತೊಟ್ಟಿಲಿನ ಲೆಕ್ಕದಲ್ಲಿ. ತೊಟ್ಟಿಲು ಒಂದು ಕಡೆಯಿಂದ ಹೊರಟು, ಆಚೆ ಹೋಗಿ, ತಿರುಗಿ ಅಲ್ಲಿಗೇ ಬರಲು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟೇ ಉದ್ದ ನಿನ್ನ ತುಣುಕು ಇರಬೇಕು. ಆ ಹೊತ್ತನ್ನು ನಿರ್ಧರಿಸುವುದು ಹಗ್ಗದ ಉದ್ದ. ನಮ್ಮ ಮನೆಯ ತೊಟ್ಟಿಲು ಕೊಕ್ಕೆಯಿಂದ ಕೆಳಗೆ ಸುಮಾರು ಏಳು ಅಡಿ ಇದೆ, ಅಲ್ವಾ? ಅಷ್ಟು ಉದ್ದಕ್ಕೆ ಒಂದು ಸುತ್ತಿಗೆ 3 ಸೆಕೆಂಡಿಗಿಂತ ಚೂರು ಕಡಿಮೆ. ಮೆಲ್ಲಗೆ ತೂಗಿದರೂ ಅಷ್ಟೇ, ಸ್ವಲ್ಪ ಜೋರಾಗಿ ತೂಗಿದರೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಒಂದು ಸಲ ಸರಿಯಾಗಿ ಎಣಿಸಿಬಿಟ್ಟರೆ ಆ ನಂಬರು ಇಡೀ ವಿಡಿಯೋಗೆ ನಡೆಯುತ್ತದೆ.

ಎಣಿಸಬೇಕಾದ್ದು ಫ್ರೇಮುಗಳನ್ನು, ಅಂದರೆ ವಿಡಿಯೋದೊಳಗಿನ ಒಂದೊಂದು ನಿಂತ ಚಿತ್ರವನ್ನು. ಇಲ್ಲೊಂದು ಸಣ್ಣ ತೊಡಕು ಇದೆ. ಫೋನು ಸೆಕೆಂಡಿಗೆ 30 ಫ್ರೇಮ್ ಅಂತ ತೋರಿಸಿದರೂ ಎಷ್ಟೋ ಫೋನುಗಳು ಸಮನಾಗಿ 30 ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ ನಿಧಾನ ಮಾಡಿಬಿಡುತ್ತವೆ. ಅದಕ್ಕೆ ಮೊದಲು ಅದನ್ನು ಸರಿಸಮ ಮಾಡಿಕೊಂಡು, ಆಮೇಲೆ ಒಂದೊಂದು ಫ್ರೇಮನ್ನೂ ಒಂದೊಂದು ಚಿತ್ರವಾಗಿ ತೆಗೆದುಕೊಳ್ಳಬೇಕು. ನಿನ್ನ ಲ್ಯಾಪ್‌ಟಾಪಿನಲ್ಲಿ ffmpeg ಅನ್ನೋ ವಿಡಿಯೋ ಕತ್ತರಿಸುವ ಪ್ರೋಗ್ರಾಮ್ ಹಾಕಿಕೋ, ದುಡ್ಡು ಕೊಡಬೇಕಾಗಿಲ್ಲ. ಕಪ್ಪು ಪರದೆ ನೋಡಿ ಹೆದರಬೇಡ, ಎರಡೇ ಸಾಲು:

```
ffmpeg -i tottilu.mp4 -vf fps=30 -an t30.mp4
ffmpeg -i t30.mp4 -start_number 0 f%03d.png
```

ಮೊದಲ ಸಾಲು ಧ್ವನಿಯನ್ನೂ ತೆಗೆದುಹಾಕುತ್ತದೆ, ಅದು ಹೇಗೂ ಬೇಡ. ಎರಡನೆಯದು ಫೋಲ್ಡರಿನಲ್ಲಿ ಆರುನೂರು ಚಿತ್ರ ಸುರಿಯುತ್ತದೆ, ಗಾಬರಿ ಆಗಬೇಡ. ಸೊನ್ನೆಯಿಂದ ನಂಬರು ಹಾಕು ಅಂತ ಅದರಲ್ಲಿ ಹೇಳಿದ್ದೇನೆ. ಸುಮ್ನೆ ಬಿಟ್ಟರೆ ಅದು ಒಂದರಿಂದ ಶುರು ಮಾಡುತ್ತದೆ. ಆಮೇಲೆ ಕತ್ತರಿಸುವಾಗ ಲೆಕ್ಕ ಒಂದು ಫ್ರೇಮ್ ತಪ್ಪುತ್ತದೆ.

ಈಗ ಮುಖ್ಯವಾದ ಮಾತು. ಹೊಂದುವ ಫ್ರೇಮನ್ನು ಹುಡುಕುವುದು ಒಂದು ಕಡೆ, ಕತ್ತರಿಸುವುದು ಇನ್ನೊಂದು ಕಡೆ. ಹುಡುಕುವುದು ತೊಟ್ಟಿಲು ನಟ್ಟನಡುವೆ ಇರುವಾಗ. ಅಲ್ಲಿ ಅದರ ವೇಗ ಜಾಸ್ತಿ, ನಿನ್ನ ವಿಡಿಯೋದಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಸುಮಾರು 14 ಪಿಕ್ಸೆಲ್ ಸರಿಯುತ್ತದೆ. ಹಾಗಾಗಿ ಒಂದು ಫ್ರೇಮ್ ಆಚೀಚೆ ಆದರೂ ಕಣ್ಣಿಗೆ ಗೊತ್ತಾಗುತ್ತದೆ. ತೊಟ್ಟಿಲಿನ ಎಡಗಂಬ ಕಿಟಕಿಯ ಮೂರನೇ ಸರಳನ್ನು ಮುಟ್ಟುವ ಚಿತ್ರ ಯಾವುದು ಅಂತ ನೋಡು. ನಾನು ನೋಡಿದ ಹಾಗೆ 41. ಬಾಣದ ಗುರುತಿನ ಕೀ ಒತ್ತುತ್ತಾ ಹೋಗು, ಮತ್ತೆ ಅದೇ ಸರಳನ್ನು ಮುಟ್ಟುತ್ತದೆ. ಆದರೆ ಮೊದಲ ಸಲ ಮುಟ್ಟಿದ್ದನ್ನು ಹಿಡಿಯಬೇಡ. ಅದು ವಾಪಸ್ ಬರುವಾಗಿನದು, 85ರಲ್ಲಿ ಸಿಗುತ್ತದೆ. ನಿಂತ ಚಿತ್ರವಾಗಿ ನೋಡಿದರೆ 41 ಮತ್ತು 85 ಒಂದೇ ಥರ ಕಾಣುತ್ತವೆ, ಆದರೆ ಒಂದರಲ್ಲಿ ತೊಟ್ಟಿಲು ಬಲಕ್ಕೆ ಹೋಗುತ್ತಿದೆ, ಇನ್ನೊಂದರಲ್ಲಿ ಎಡಕ್ಕೆ. ಅಲ್ಲಿ ಕತ್ತರಿಸಿದರೆ ತೊಟ್ಟಿಲು ಗೋಡೆಗೆ ಬಡಿದು ಚಿಮ್ಮಿದ ಹಾಗೆ ಕಾಣುತ್ತದೆ. ನೀನು ಮಾಡಿದ ಲೂಪಿನಲ್ಲಿ ಆಗಿದ್ದು ಹೆಚ್ಚುಕಡಿಮೆ ಇದೇ. ಜಾಗ ಒಂದೇ ಆದರೆ ಸಾಲದು, ಹೋಗುವ ದಿಕ್ಕೂ ಒಂದೇ ಆಗಬೇಕು. ಆ ಫ್ರೇಮ್ 129ರಲ್ಲಿ ಸಿಕ್ಕಿತು. 129ರಲ್ಲಿ 41 ಕಳೆದರೆ 88. ಇದೇ ನಿನ್ನ ತೊಟ್ಟಿಲಿನ ಒಂದು ಸುತ್ತು.

ಇನ್ನು ಕತ್ತರಿಸುವುದು. ಇದನ್ನು ನಡುವೆ ಮಾಡಬಾರದು, ತುದಿಯಲ್ಲಿ ಮಾಡಬೇಕು. ಯಾಕೆ ಅಂದರೆ ತೊಟ್ಟಿಲಿನ ಸುತ್ತು ನಿಖರವಾಗಿ 88 ಫ್ರೇಮೇ ಇರಬೇಕು ಅಂತ ಎಲ್ಲೂ ಬರೆದಿಲ್ಲ. 87.6 ಇರಬಹುದು, 88.4 ಇರಬಹುದು. ಆ ಅರೆಬರೆ ಫ್ರೇಮ್ ನಡುವೆ ಬಂದರೆ ಐದಾರು ಪಿಕ್ಸೆಲ್ ಜಿಗಿತ. ಅದೇ ತುದಿಯಲ್ಲಿ ತೊಟ್ಟಿಲು ಕ್ಷಣ ನಿಂತು ತಿರುಗುತ್ತದೆ, ಅಲ್ಲಿ ಅಕ್ಕಪಕ್ಕದ ಫ್ರೇಮುಗಳೆಲ್ಲ ಒಂದೇ ಥರ ಇರುತ್ತವೆ. ಅರ್ಧ ಫ್ರೇಮಿನ ತಪ್ಪು ಅಲ್ಲಿ ಒಂದು ಪಿಕ್ಸೆಲ್ ಕೂಡ ಆಗುವುದಿಲ್ಲ. ಹಾಗಾದರೆ ಮೊದಲೇ ತುದಿಯಲ್ಲಿ ಹುಡುಕಬಹುದಿತ್ತಲ್ಲ ಅಂತ ಕೇಳಬಹುದು. ಎಲ್ಲ ಒಂದೇ ಥರ ಕಂಡರೆ ಎಣಿಸುವುದು ಹೇಗೆ? ಅದಕ್ಕೇ ಎರಡಕ್ಕೂ ಬೇರೆ ಬೇರೆ ಜಾಗ.

88ರ ಕಾಲು ಭಾಗ 22. ನಡುವಿನ 41ಕ್ಕೆ 22 ಸೇರಿಸಿದರೆ 63, ಅಲ್ಲಿ ತೊಟ್ಟಿಲು ಬಲತುದಿಯಲ್ಲಿ ಇರುತ್ತದೆ. ಚಿತ್ರ ತೆರೆದು ನೋಡು, ಇದೆ. ಅಲ್ಲಿಂದ 88 ಮುಂದೆ 151, ಮತ್ತೆ ಬಲತುದಿ. ಹಾಗಾದರೆ 63ರಿಂದ 151ರವರೆಗೆ ಇಟ್ಟುಕೊಳ್ಳಬೇಕಾ? ಬೇಡ, 150ಕ್ಕೆ ನಿಲ್ಲಿಸಬೇಕು. ವಾರ ಭಾನುವಾರ ಶುರುವಾದರೆ ಶನಿವಾರಕ್ಕೆ ಮುಗಿಯುತ್ತದೆ, ಮುಂದಿನ ಭಾನುವಾರವನ್ನೂ ಸೇರಿಸಿದರೆ ಎಂಟು ದಿನ ಆಗುತ್ತದಲ್ಲ, ಹಾಗೆ. 151 ಅಂದರೆ ಮತ್ತೆ 63 ಅಂತಲೇ ಲೆಕ್ಕ. ಎರಡನ್ನೂ ಇಟ್ಟುಕೊಂಡರೆ ಒಂದೇ ಚಿತ್ರ ಎರಡು ಸಲ ಬಂದು ಪ್ರತಿ ಸುತ್ತಿಗೂ ಚೂರು ತಡವರಿಸಿದ ಹಾಗೆ ಆಗುತ್ತದೆ. ಮೊದಲ ಫ್ರೇಮೂ ಕೊನೆಯ ಫ್ರೇಮೂ ಒಂದೇ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ, ಸರಿಯಾಗಿ ಹೇಳಬೇಕೆಂದರೆ ಕೊನೆಯದು ಮೊದಲಿನದಕ್ಕಿಂತ ಒಂದು ಹೆಜ್ಜೆ ಹಿಂದೆ ಇರಬೇಕು.

```
ffmpeg -i t30.mp4 -vf "trim=start_frame=63:end_frame=151,setpts=PTS-STARTPTS" loop.mp4
```

ಇಲ್ಲಿ end_frame ಅಂತ ಕೊಟ್ಟ ಫ್ರೇಮನ್ನು ಅದು ಸೇರಿಸಿಕೊಳ್ಳುವುದಿಲ್ಲ, ಅದರ ಹಿಂದಿನದಕ್ಕೇ ನಿಲ್ಲಿಸುತ್ತದೆ. ಹಾಗಾಗಿ 151 ಅಂತಲೇ ಕೊಡು. ನಾನು ಎಣಿಸಿದ್ದು ಗ್ರೂಪಿನಲ್ಲಿ ಬಂದ ಫೈಲಿನಲ್ಲಿ. ನಿನ್ನ ಫೋನಿನಲ್ಲಿರುವ ಮೂಲ ಫೈಲಿನಲ್ಲಿ 41, 63 ಇವು ಒಂದೆರಡು ಆಚೀಚೆ ಆಗಬಹುದು. ಒಂದು ಸುತ್ತಿನ ಅಂತರ ಮಾತ್ರ 88 ಇರಬೇಕು. ಇಲ್ಲವಾದರೆ ಎಣಿಕೆಯಲ್ಲಿ ಏನೋ ಎಡವಟ್ಟಾಗಿದೆ ಅಂತ ತಿಳಿದುಕೋ.

ಇಷ್ಟಾದ ಮೇಲೂ ಒಂದು ಕಾಟ ಉಳಿಯುತ್ತದೆ. ತೊಟ್ಟಿಲು ತೂಗುತ್ತಾ ತೂಗುತ್ತಾ ಸೋಲುತ್ತದೆ, ಪ್ರತಿ ಸುತ್ತಿಗೂ ತುದಿ ಸ್ವಲ್ಪ ಒಳಗೆ ಬರುತ್ತದೆ. ತಳ್ಳಿದ ತಕ್ಷಣದ ಸುತ್ತುಗಳಲ್ಲಿ ಇದು ಜಾಸ್ತಿ. ನಿನ್ನ ವಿಡಿಯೋದಲ್ಲಿ ಮೊದಲ ತಳ್ಳಾಟದಲ್ಲಿ ಅತ್ತಿಗೆಯ ಕೈ ಕೂಡ ಕಾಣುತ್ತದೆ. ಅದಕ್ಕೆ 63ರಿಂದ ಕತ್ತರಿಸಿದ್ದು ಒರಟಾಗಿ ಕಂಡರೆ 88ರ ಲೆಕ್ಕದಲ್ಲೇ ಮುಂದೆ ಹೋಗು. 151, 239, 327 ಎಲ್ಲವೂ ಬಲತುದಿಗಳೇ. 327ರಿಂದ 415 ತೆಗೆದುಕೊಂಡರೆ ತೂಗು ಸಣ್ಣದಾಗಿರುತ್ತದೆ, ಎರಡು ತುದಿಗಳ ವ್ಯತ್ಯಾಸವೂ ಕಡಿಮೆ. ತುಂಬಾ ಮುಂದೆ ಹೋದರೆ ಆ ಅರೆಬರೆ ಫ್ರೇಮುಗಳು ಸೇರಿಕೊಂಡು ತುದಿ ಸ್ವಲ್ಪ ಸರಿದಿರುತ್ತದೆ, ಚಿತ್ರ ನೋಡಿ ಒಂದೆರಡು ಹೊಂದಿಸಿಕೋ.

ಮಲ್ಲಿಗೆ ಮಾಲೆ ಇನ್ನೊಂದು ತಲೆನೋವು. ಕೆಳಗೆ ಇಳಿಬಿಟ್ಟ ಆ ಎರಡು ಎಳೆಗಳು ತೊಟ್ಟಿಲಿನ ತಾಳಕ್ಕೆ ಆಡುವುದಿಲ್ಲ, ಅವುಗಳ ಉದ್ದ ಬೇರೆ, ಹಾಗಾಗಿ ತಾಳವೂ ಬೇರೆ. ತೊಟ್ಟಿಲು ಸರಿಯಾಗಿ ಹೊಂದಿದರೂ ಮಾಲೆಯ ತುದಿ ಟಕ್ ಅಂತ ಜಾಗ ಬದಲಿಸುತ್ತದೆ. ಮತ್ತೆ ತೆಗೆಯುವುದಾದರೆ ಮಾಲೆಯನ್ನು ತೊಟ್ಟಿಲಿಗೆ ಬಿಗಿಯಾಗಿ ಸುತ್ತಿಬಿಡು, ಗೆಜ್ಜೆಗೊಂಚಲನ್ನೂ ಕಟ್ಟಿಬಿಡು. ಇದೇ ವಿಡಿಯೋ ಬೇಕು ಅಂದರೆ ಕೊನೆಯ ಎಂಟು ಫ್ರೇಮುಗಳನ್ನು ಕರಗಿಸಬೇಕು. 63ರಿಂದ 150ರವರೆಗಿನ ತುಣುಕನ್ನು ಎಡಿಟರಿನಲ್ಲಿ ಕೆಳಗಿನ ಸಾಲಿನಲ್ಲಿ ಇಡು. 55ರಿಂದ 62ರವರೆಗಿನದನ್ನು ಅದರ ಕೊನೆಯ ಎಂಟು ಫ್ರೇಮುಗಳ ಮೇಲೆ ಇಡು, ಅಂದರೆ 143ರ ಮೇಲೆ 55, 150ರ ಮೇಲೆ 62. ಮೇಲಿನದು ಮೊದಲು ಪೂರ್ತಿ ಮಾಯವಾಗಿದ್ದು ಕೊನೆಗೆ ಪೂರ್ತಿ ಕಾಣುವ ಹಾಗೆ ಮಾಡು. 62 ಆದ ಮೇಲೆ ಸಹಜವಾಗಿಯೇ 63 ಬರುತ್ತದೆ, ಅದು ಕ್ಯಾಮೆರಾ ತೆಗೆದ ಕ್ರಮವೇ ಅಲ್ವಾ? ಶುರುವಿನ ಹಿಂದಿನ ಫ್ರೇಮುಗಳನ್ನು ಬಳಸಬೇಕು ಅನ್ನುವುದು ಇದಕ್ಕೇ. ಬಹಳ ಜನ ಶುರುವಿನ ಫ್ರೇಮುಗಳನ್ನೇ ಕೊನೆಗೆ ಬೆರೆಸಿ, ಮತ್ತೆ ಜಿಗಿಯಿತು ಅಂತಾರೆ. ಎಂಟಕ್ಕಿಂತ ತುಂಬಾ ಜಾಸ್ತಿ ಹೋಗಬೇಡ, ತುದಿ ಬಿಟ್ಟು ವೇಗ ಬಂದ ಕಡೆ ಬೆರೆಸಿದರೆ ಎರಡೆರಡು ತೊಟ್ಟಿಲು ಕಾಣುತ್ತದೆ.

ಇಷ್ಟೆಲ್ಲ ಮಾಡಿಯೂ ಏನೋ ಸರಿಯಿಲ್ಲ ಅನ್ನಿಸಿದರೆ ಯಾವುದು ಜಿಗಿಯುತ್ತಿದೆ ಅಂತ ನೋಡು. ತೊಟ್ಟಿಲು ಮಾತ್ರ ಜಿಗಿದರೆ ಎಣಿಕೆ ತಪ್ಪಿದೆ. ಕಿಟಕಿ, ಗೋಡೆ ಎಲ್ಲ ಒಟ್ಟಿಗೆ ಸರಿದರೆ ಕ್ಯಾಮೆರಾ ಅಲುಗಿದೆ. ಏನೂ ಸರಿಯದೆ ಇಡೀ ಚಿತ್ರ ಮಿಣುಕಿದರೆ ಅದು ಬೆಳಕು. ಬಿಳಿ ಬಟ್ಟೆ ಹತ್ತಿರ ಬಂದಾಗ ಫೋನು ತಾನೇ ಕತ್ತಲು ಮಾಡುತ್ತದೆ, ದೂರ ಹೋದಾಗ ಬೆಳಕು ಮಾಡುತ್ತದೆ. ತೆಗೆಯುವ ಮೊದಲು ಪರದೆಯ ಮೇಲೆ ಬೆರಳು ಒತ್ತಿ ಹಿಡಿದರೆ ಬೆಳಕೂ ಫೋಕಸ್ಸೂ ಲಾಕ್ ಆಗುತ್ತವೆ, ಐಫೋನಿನಲ್ಲಿ AE/AF LOCK ಅಂತ ಬರುತ್ತದೆ. ಫ್ಯಾನ್ ಆರಿಸಿಬಿಡು, ಪರದೆ ಬಟ್ಟೆ ಹಾರುತ್ತಿದ್ದರೆ ಅದಕ್ಕೆ 88 ಗೊತ್ತಿರುವುದಿಲ್ಲ.

ಪರೀಕ್ಷೆ ಮಾಡುವಾಗ ಪ್ಲೇಯರಿನ ಲೂಪ್ ಬಟನ್ ನಂಬಬೇಡ. ಕೆಲವು ಪ್ಲೇಯರುಗಳು ಕೊನೆಯಿಂದ ಮೊದಲಿಗೆ ಹೋಗುವಾಗ ತಾವೇ ಒಂದು ಚೂರು ನಿಲ್ಲುತ್ತವೆ, ತಪ್ಪು ನಿನ್ನದು ಅಂತ ಕಾಣುತ್ತದೆ. ಹತ್ತು ಸಲ ಸಾಲಾಗಿ ಜೋಡಿಸಿ ನೋಡು:

```
ffmpeg -stream_loop 9 -i loop.mp4 -c copy hattu.mp4
```

ಒಂಬತ್ತು ಅಂದರೆ ಮೊದಲನೆಯದರ ಮೇಲೆ ಇನ್ನೂ ಒಂಬತ್ತು ಸಲ. ಒಟ್ಟು 29 ಸೆಕೆಂಡ್ ಚಿಲ್ಲರೆ ಬರುತ್ತದೆ. ಸ್ಟೇಟಸ್‌ಗೆ ಇದನ್ನೇ ಹಾಕು, ಅಲ್ಲಿ ಲೂಪ್ ಆಗುವುದಿಲ್ಲ. ಅಜ್ಜಿಯ ಜೋಗುಳ ಸೇರಿಸುವುದಾದರೂ ಈ ಉದ್ದದ ಫೈಲಿಗೇ ಸೇರಿಸಬೇಕು. ಮೂರು ಸೆಕೆಂಡಿನದಕ್ಕೆ ಸೇರಿಸಿದರೆ ಹಾಡು ಪ್ರತಿ ಸುತ್ತಿಗೂ ಮೊದಲಿಂದ ಶುರುವಾಗುತ್ತದೆ. ಯಾರಿಗಾದರೂ ಒಬ್ಬರಿಗೆ ಕಳಿಸುವಾಗ ಮಾತ್ರ ಮೂರು ಸೆಕೆಂಡಿನದನ್ನು ವಾಟ್ಸಾಪಿನಲ್ಲಿ ಜಿಫ್ ಮಾಡಿ ಕಳಿಸಬಹುದು, ಅದರಲ್ಲಿ ಧ್ವನಿ ಇರುವುದಿಲ್ಲ.

ಮೂಲ ಫೈಲನ್ನು ನನಗೆ ಡಾಕ್ಯುಮೆಂಟ್ ಆಗಿ ಕಳಿಸು, ವಿಡಿಯೋ ಆಗಿ ಬೇಡ, ಹಿಂಡಿ ಹಾಕಿಬಿಡುತ್ತದೆ. ಮಾಲೆ ಕರಗಿಸುವುದು ನಿನಗೆ ಆಗದಿದ್ದರೆ ರಾತ್ರಿ ಊಟ ಆದ ಮೇಲೆ ನಾನೇ ಮಾಡಿ ಕಳಿಸುತ್ತೇನೆ. ಹಾಗೇ ಅತ್ತಿಗೆಗೆ ಕೇಳು, ಕರೆಯೋಲೆಯಲ್ಲಿ ಹೊತ್ತು ಬೆಳಗಿನದಾ ಮಧ್ಯಾಹ್ನದ್ದಾ ಅಂತ. ನನಗೆ ಎರಡು ಥರ ಹೇಳಿದ್ದಾರೆ.