‘ದಂಡೆ ಹಿಂದೆ ಸರಿಯಿತು’ ಎಂದರೆ ಯಾವ ಕಡೆಗೆ?

ಪ್ರಶ್ನೆ

ಮಾನ್ಯರೇ,

ಬೇರೆ ಬೇರೆ ವರ್ಷಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೀರಿನ ಅಂಚು ಎಷ್ಟು ಜರುಗಿದೆ ಎಂದು ಅಳೆಯುವ ಬಗ್ಗೆ ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೇನೆ. ಅದರ ಒಂದು ಅಧ್ಯಾಯ ನಮ್ಮೂರಿನ ಕಡಲತೀರದ ಬಗ್ಗೆ, ಇನ್ನೊಂದು ಮಧ್ಯ ಏಷ್ಯಾದ ಅರಲ್ ಸಮುದ್ರದ ಬಗ್ಗೆ. ಮೊದಲನೆಯದರಲ್ಲಿ ‘ದಂಡೆ 24 ಮೀಟರ್ ಹಿಂದೆ ಸರಿದಿದೆ’ ಎಂದು ಬರೆದೆ. ಎರಡನೆಯದರಲ್ಲಿಯೂ ‘ದಂಡೆ ಹಲವು ಕಿಲೋಮೀಟರ್ ಹಿಂದೆ ಸರಿಯಿತು’ ಎಂದು ಬರೆದ ಮೇಲೆ ಕೈ ನಿಂತಿತು. ಮೊದಲ ವಾಕ್ಯದಲ್ಲಿ ಅಂಚು ಊರಿನ ಕಡೆಗೆ ಬಂದಿದೆ, ಎರಡನೆಯದರಲ್ಲಿ ಊರನ್ನು ಬಿಟ್ಟು ನೀರಿನ ಕಡೆಗೆ ಹೋಗಿದೆ. ಒಂದೇ ಮಾತು ಎರಡು ವಿರುದ್ಧ ದಿಕ್ಕುಗಳಿಗೆ ಬಳಕೆಯಾದರೆ ಮಕ್ಕಳಿಗೆ ಏನು ತಿಳಿಯಬೇಕು? ಇದಲ್ಲದೆ, ಚಿತ್ರದಲ್ಲಿ ನಾವು ಎಳೆಯುವ ಗೆರೆಯನ್ನು ಕರಾವಳಿ, ತೀರ, ದಂಡೆ, ತಡಿ ಇವುಗಳಲ್ಲಿ ಯಾವುದೆಂದು ಕರೆಯುವುದು ಸರಿ?

ಉತ್ತರ, ಕುಂದಾಪುರದಿಂದ

‘ಕರಾವಳಿ’ಯನ್ನು ಮೊದಲು ಕೈಬಿಡಿ. ಅದು ಗೆರೆಯಲ್ಲ, ನಾಡು. ಕರಾವಳಿಯಲ್ಲಿ ನಾವು ವಾಸವಾಗಿದ್ದೇವೆ. ‘ಹಿಂದೆ’ ಎಂಬುದು ಹೇಳುವವನು ಯಾವ ಕಡೆ ಮುಖ ಮಾಡಿ ನಿಂತಿದ್ದಾನೆ ಎಂಬುದರ ಮೇಲೆ ನಿಂತ ಮಾತು. ನಮ್ಮಲ್ಲಿ ಯಾರೂ ‘ದಂಡೆ ಹಿಂದೆ ಹೋಯಿತು’ ಎನ್ನುವುದಿಲ್ಲ, ‘ಕಡಲು ಒಳಗೆ ಬಂತು’ ಎನ್ನುತ್ತಾರೆ. ಪತ್ರಿಕೆಗಳಲ್ಲಿ ‘ಕಡಲ್ಕೊರೆತ’ ಎಂಬ ಒಳ್ಳೆಯ ಪದವೂ ಇದೆ. ಅದನ್ನೇ ಬಳಸಿ ಮುಗಿಸಬಾರದೇಕೆ?

ಉತ್ತರ, ಕೋಲಾರದಿಂದ

ನಮ್ಮೂರಿನ ಕೆರೆಯದೂ ಇದೇ ಕಥೆ. ಹದಿನೈದು ವರ್ಷದ ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಹೋಲಿಸಿದರೆ ಕೆರೆ ಅರ್ಧದಷ್ಟಾಗಿದೆ. ಒತ್ತುವರಿಯೆಂದು ಅರ್ಜಿ ಕೊಡುವುದಕ್ಕೆ ಹೊರಟಿದ್ದೆವು. ಸರ್ವೆಯವರು ಬಂದು ಅಳೆದರೆ ಏರಿ, ಕೋಡಿ, ಅಂಗಳ ಎಲ್ಲವೂ ನಕ್ಷೆಯಲ್ಲಿದ್ದಂತೆಯೇ ಇದ್ದವು. ಕೆರೆಯ ಅರ್ಧಕ್ಕೆ ಜಲಕಳೆ ಹಬ್ಬಿತ್ತು. ಮೇಲಿನಿಂದ ನೋಡಿದವರಿಗೆ ಅದು ಹಸಿರು ಹೊಲ. ಆದ್ದರಿಂದ ‘ಕೆರೆ ಕುಗ್ಗಿತು’ ಎಂದು ಬರೆಯುವ ಮೊದಲು ಒಮ್ಮೆ ಹೋಗಿ ನೋಡಿ ಬನ್ನಿ ಎಂದು ನನ್ನ ಮನವಿ. ನೀವು ಕೇಳಿದ ಪ್ರಶ್ನೆಗೆ ಇದು ಉತ್ತರವಾಯಿತೋ ಇಲ್ಲವೋ ತಿಳಿಯದು.

ಉತ್ತರ, ಮೈಸೂರಿನಿಂದ

ಗೆರೆಗೆ ‘ತೀರರೇಖೆ’ ಎಂದರೆ ಸಾಕು. ಉಪಗ್ರಹವು ಪ್ರತಿ ಸಲವೂ ಬೆಳಗಿನ ಹತ್ತು, ಹತ್ತೂವರೆಯ ಸುಮಾರಿಗೇ ಒಂದು ಜಾಗದ ಮೇಲೆ ಹಾಯುವುದರಿಂದ ನೀರು ಪ್ರತಿ ಸಲವೂ ಒಂದೇ ಮಟ್ಟದಲ್ಲಿರುತ್ತದೆ. ಆದ ಕಾರಣ ಎರಡು ವರ್ಷಗಳ ತೀರರೇಖೆಗಳನ್ನು ನೇರವಾಗಿ ಹೋಲಿಸಬಹುದು.

ಉತ್ತರ, ಬೆಂಗಳೂರಿನಿಂದ

ಇಂತಹ ಚಿತ್ರಗಳೊಡನೆ ಇಪ್ಪತ್ತು ವರ್ಷ ಕೆಲಸ ಮಾಡಿದವನಾಗಿ ಕೆಲವು ಮಾತು ಹೇಳಬಯಸುತ್ತೇನೆ.

ಮೈಸೂರಿನ ಗೆಳೆಯರು ಗಳಿಗೆಯ ಬಗ್ಗೆ ಹೇಳಿದ್ದು ನಿಜ. ಲ್ಯಾಂಡ್‌ಸ್ಯಾಟ್ ಆಗಲಿ ಸೆಂಟಿನೆಲ್-2 ಆಗಲಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಾಯುತ್ತವೆ. ಆದರೆ ಅದು ಸೂರ್ಯನಿಗೆ ಹೊಂದಿಸಿದ ಹೊತ್ತು. ಉಬ್ಬರ ಇಳಿತಗಳು ಬಹುಮಟ್ಟಿಗೆ ಚಂದ್ರನನ್ನು ನೋಡಿ ನಡೆಯುತ್ತವೆ, ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತವೆ. ಹೀಗಾಗಿ ಒಂದು ದಿನ ಹತ್ತೂವರೆಗೆ ಉಬ್ಬರವಿದ್ದರೆ ಒಂದು ವಾರದ ನಂತರ ಅದೇ ಹೊತ್ತಿಗೆ ಇಳಿತವಿರುತ್ತದೆ. ಒಂದೇ ಹೊತ್ತಿನಿಂದ ನೆರಳು ಬೆಳಕಿನ ಹೋಲಿಕೆ ಸಿಗುತ್ತದೆಯೇ ಹೊರತು ನೀರಿನ ಮಟ್ಟದ ಹೋಲಿಕೆ ಸಿಗುವುದಿಲ್ಲ.

ಈಗ ಪ್ರಶ್ನೆ ಕೇಳಿದವರ 24 ಮೀಟರನ್ನೇ ತೆಗೆದುಕೊಳ್ಳೋಣ. ಮಂಗಳೂರಿನ ಆಸುಪಾಸಿನಲ್ಲಿ ಅಮಾವಾಸ್ಯೆ ಹುಣ್ಣಿಮೆಯ ದಿನಗಳಲ್ಲಿ ನೀರಿನ ಏರಿಳಿತ ಒಂದೂವರೆ ಮೀಟರಿನ ಹತ್ತಿರ ಬರುತ್ತದೆ. ಹಳೆಯ ಚಿತ್ರ ಇಳಿತದಲ್ಲಿಯೂ ಹೊಸ ಚಿತ್ರ ಉಬ್ಬರದಲ್ಲಿಯೂ ತೆಗೆದದ್ದಾಗಿದ್ದು, ಎರಡರ ನಡುವೆ ಮಟ್ಟದ ಅಂತರ ಒಂದು ಮೀಟರ್ ಇತ್ತೆನ್ನಿ. ಮರಳಿನ ಇಳಿಜಾರು ಇಪ್ಪತ್ತು ಮೀಟರಿಗೆ ಒಂದು ಮೀಟರಿನಂತಿದ್ದರೆ, ಒಂದು ಹಿಡಿ ಮರಳೂ ಕದಲದೆ ನೀರಿನ ಅಂಚು 20 ಮೀಟರ್ ಜರುಗಿರುತ್ತದೆ. ಉಳಿದದ್ದು ನಾಲ್ಕು ಮೀಟರ್. ಹಳೆಯ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆಯೇ ನೆಲದ ಮೇಲೆ 30 ಮೀಟರ್ ಅಗಲವಿರುವಾಗ ಆ ನಾಲ್ಕು ಮೀಟರನ್ನು ನಂಬಿ ‘ಕೊರೆತ’ ಎನ್ನುವುದು ಹೇಗೆ? ಇನ್ನು ಮಳೆಗಾಲದಲ್ಲಿ ಕಡಲು ಒಯ್ದ ಮರಳು ಬೇಸಿಗೆಯ ಹೊತ್ತಿಗೆ ಬಹುಪಾಲು ಮರಳಿ ಬರುತ್ತದೆ. ಅಕ್ಟೋಬರದ ಚಿತ್ರವನ್ನು ಮಾರ್ಚಿನ ಚಿತ್ರಕ್ಕೆ ಹೋಲಿಸಿದವರು ಋತುವನ್ನು ಅಳೆಯುತ್ತಾರೆ, ವರ್ಷಗಳನ್ನಲ್ಲ.

ಇದೇ ಕಾರಣಕ್ಕೆ ಪದದಲ್ಲಿಯೂ ಎಚ್ಚರ ಬೇಕು. ಚಿತ್ರದಲ್ಲಿ ಕಾಣುವುದು ಆ ಗಳಿಗೆಯ ‘ನೀರಂಚು’ ಮಾತ್ರ. ನೀರು ಅವಕೆಂಪು ಬೆಳಕನ್ನು ಹೀರಿಕೊಂಡು ಕಪ್ಪಾಗಿ, ಮರಳು ಹೊಳೆಯುತ್ತ ಕಾಣುವುದರಿಂದ ಈ ಗೆರೆಯನ್ನು ಎಳೆಯುವುದು ಸುಲಭ. ಹಲವು ದಿನಗಳ ನೀರಂಚುಗಳನ್ನು ಉಬ್ಬರದ ಲೆಕ್ಕಕ್ಕೆ ಹೊಂದಿಸಿ, ಒಂದು ಗೊತ್ತಾದ ಮಟ್ಟಕ್ಕೆ ತಂದ ಮೇಲೆ ಸಿಗುವುದನ್ನು ‘ತೀರರೇಖೆ’ ಎನ್ನಬಹುದು. ಕೆಲವರು ಮರಳಿನ ಮೇಲೆ ಬಳ್ಳಿ ಹಬ್ಬಲು ತೊಡಗುವ ಗೆರೆಯನ್ನು ಹಿಡಿಯುತ್ತಾರೆ. ಅದು ಉಬ್ಬರ ಇಳಿತಕ್ಕೆ ಕದಲುವುದಿಲ್ಲ. ‘ಕಡಲ್ಕೊರೆತ’ ಒಳ್ಳೆಯ ಪದವೇ, ಆದರೆ ಅದು ಕಾರಣವನ್ನೂ ಸೇರಿಸಿ ಹೇಳಿಬಿಡುತ್ತದೆ. ಎರಡು ಚಿತ್ರಗಳಿಗೆ ಅಷ್ಟು ಹೇಳುವ ಶಕ್ತಿಯಿಲ್ಲ.

ಕೋಲಾರದವರು ಪ್ರಶ್ನೆಯನ್ನು ಬಿಟ್ಟು ಹೋದೆನೆಂದು ಅಂಜಬೇಕಿಲ್ಲ. ಅವಕೆಂಪಿನಲ್ಲಿ ಎಲೆ ಬಹಳ ಹೊಳೆಯುವುದರಿಂದ ಜಲಕಳೆಯ ಕೆಳಗಿನ ನೀರು ಲೆಕ್ಕದಿಂದ ಜಾರಿಹೋಗುತ್ತದೆ. ನೀವು ಬಳಸಿದ ‘ಅಂಗಳ’ ಇಲ್ಲಿ ಬೇಕಾದ ಪದ. ಅಂಗಳ ಎಂದರೆ ಕೆರೆಗೆ ಸೇರಿದ ನೆಲ, ಅದು ಬೇಸಿಗೆಯಲ್ಲಿಯೂ ಅಷ್ಟೇ ಇರುತ್ತದೆ. ಚಿತ್ರ ಅಳೆಯುವುದು ‘ನೀರಿನ ಹರವು’, ಅದರಲ್ಲಿಯೂ ಕಣ್ಣಿಗೆ ತೆರೆದಿರುವ ಹರವು. ಕುಗ್ಗಿದ್ದು ಹರವೋ ಅಂಗಳವೋ ಎಂಬುದನ್ನು ವಾಕ್ಯವೇ ಹೇಳಬೇಕು.

ಮರುಪತ್ರ, ಕುಂದಾಪುರದಿಂದ

ಲೆಕ್ಕವನ್ನು ಒಪ್ಪಿದೆ. ಆದರೆ ‘ಕಡಲ್ಕೊರೆತ’ ಕಾರಣ ಹೇಳುತ್ತದೆ ಎಂಬುದನ್ನು ಒಪ್ಪಲಾರೆ. ತೆಂಗಿನ ಬುಡ ಕಾಣೆಯಾದಾಗ ನಾವು ಆ ಪದವನ್ನು ಆಡುತ್ತೇವೆ. ಕಾರಣ ಅಲೆಯೋ, ಅಳಿವೆಯಲ್ಲಿ ಕಟ್ಟಿದ ಕಲ್ಲಿನ ಗೋಡೆಯೋ ಎಂದು ಯೋಚಿಸಿ ಆಡುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ನನ್ನ ಎರಡು ಚಿತ್ರಗಳ ದಿನಾಂಕಗಳನ್ನು ಉಬ್ಬರ ಇಳಿತದ ಪಟ್ಟಿಯೊಡನೆ ಇಟ್ಟು ನೋಡಿದೆ. ಹಳೆಯದು ಇಳಿತದ ಹೊತ್ತಿನದೇ. ಆದ್ದರಿಂದ 24 ಮೀಟರನ್ನು ಹೊಡೆದುಹಾಕಿ, ‘ಈ ಎರಡು ದಿನಗಳ ನಡುವೆ ನೀರಂಚು ಊರಿನ ಕಡೆಗೆ ಜರುಗಿರುವಂತೆ ಕಾಣುತ್ತದೆ, ದಂಡೆ ಸವೆದಿದೆಯೇ ಎಂದು ಇಷ್ಟರಿಂದಲೇ ಹೇಳಲಾಗದು’ ಎಂದು ತಿದ್ದಿದ್ದೇನೆ. ‘ಹಿಂದೆ’, ‘ಮುಂದೆ’ ಎರಡನ್ನೂ ಬಿಟ್ಟು ‘ನೆಲದ ಕಡೆಗೆ’, ‘ನೀರಿನ ಕಡೆಗೆ’ ಎಂದು ಹೊತ್ತಗೆಯ ಉದ್ದಕ್ಕೂ ಬರೆಯುತ್ತೇನೆ.

ಅರಲ್ ಅಧ್ಯಾಯದಲ್ಲಿ ‘ಬತ್ತಿತು’ ಮತ್ತು ‘ಕುಗ್ಗಿತು’ ಎರಡನ್ನೂ ಉಳಿಸಿಕೊಂಡಿದ್ದೇನೆ. ಅಮು ದರ್ಯಾ, ಸಿರ್ ದರ್ಯಾ ನದಿಗಳನ್ನು ಹತ್ತಿಯ ಹೊಲಗಳಿಗೆ ತಿರುಗಿಸಿದ ಮೇಲೆ, 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್ ಇದ್ದ ಹರವು ದಶಕಗಳ ಕಾಲ ಕುಗ್ಗುತ್ತಲೇ ಬಂತು. ಆದರೆ ದಕ್ಷಿಣ ಅರಲ್‌ನ ಪೂರ್ವ ಭಾಗ 2009ರಲ್ಲಿ ಹೆಚ್ಚುಕಡಿಮೆ ಬತ್ತಿ, 2010ರಲ್ಲಿ ಮತ್ತೆ ಒಂದಿಷ್ಟು ನೀರು ಕಂಡು, 2014ರಲ್ಲಿ ಪೂರ್ತಿ ಬತ್ತಿತು. ಬತ್ತಿದ್ದಕ್ಕೆ ಮತ್ತೆ ನೀರು ಬರಬಹುದು ಎಂಬ ಅರ್ಥ ನಮ್ಮ ಮಾತಿನಲ್ಲಿ ಇರುವುದರಿಂದ ಆ ಪದ ಅಲ್ಲಿ ಚೆನ್ನಾಗಿ ಕೂರುತ್ತದೆ. 2009 ಮತ್ತು 2010ರ ಚಿತ್ರಗಳನ್ನಷ್ಟೇ ನೋಡಿದವರು ಅರಲ್ ಬೆಳೆಯುತ್ತಿದೆ ಎಂದುಕೊಂಡಾರು ಎಂಬ ಒಂದು ಸಾಲನ್ನೂ ಸೇರಿಸಿದೆ.

ಒಂದು ಪದ ಮಾತ್ರ ಇನ್ನೂ ಸಿಕ್ಕಿಲ್ಲ. ಕೊರೆತಕ್ಕೆ ಎದುರಾಗಿ, ಮರಳು ಕೂಡಿ ದಂಡೆ ಕಡಲಿನ ಕಡೆಗೆ ಬೆಳೆಯುವುದಕ್ಕೆ ಮೀನುಗಾರರಲ್ಲಿ ಬಳಕೆಯ ಮಾತು ಏನಿದೆ? ‘ಸಂಚಯನ’ ಎಂದು ಬರೆದಿದ್ದೇನೆ, ಓದಿದಾಗಲೆಲ್ಲ ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತದೆ.