ಸಹಾಯ ಬೇಕು: ಹತ್ತು ವರ್ಷದ ಮಗನಿಗೆ ಯಾವ ಹಂತದ ಪುಸ್ತಕ ಕೊಡಲಿ?

ನಮಸ್ಕಾರ. ನಾವಿರುವುದು ತೀರ್ಥಹಳ್ಳಿ ಹತ್ತಿರ. ಮಗ ಐದನೇ ಕ್ಲಾಸು, ಓದು ಮಾತ್ರ ಎರಡನೇ ಕ್ಲಾಸಿನಷ್ಟೇ. ಕಥೆ ಹೇಳಿದರೆ ಚೆನ್ನಾಗಿ ಅರ್ಥವಾಗುತ್ತದೆ. ತಾನೇ ಓದಲು ಕೂತರೆ ಒತ್ತಕ್ಷರದ ಹತ್ತಿರ ನಿಂತುಬಿಡುತ್ತಾನೆ. ‘ಅಕ್ಕ’, ‘ಹಳ್ಳಿ’ ಸಲೀಸು. ‘ಆಶ್ಚರ್ಯ’, ‘ರಾಷ್ಟ್ರ’ ಬಂದರೆ ಸುಮ್ನೆ ಊಹೆಯ ಮೇಲೆ ಏನೋ ಹೇಳುತ್ತಾನೆ.

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕಥೆಗಳಿಗೆ ಒಂದರಿಂದ ನಾಲ್ಕರವರೆಗೆ ಹಂತ ಹಾಕಿದ್ದಾರಲ್ವಾ, ಅದರಲ್ಲೇ ನೋಡಿದೆ. ಮೂರನೇ ಹಂತದ ಕಥೆಯಲ್ಲಿ 100 ಪದ ಎಣಿಸಿ ಓದಿಸಿದೆ. 16 ತಪ್ಪಿದ, ಕೊನೆಗೆ ಕಥೆ ಏನು ಅಂದರೆ ಗೊತ್ತಿಲ್ಲ. ಎರಡನೇ ಹಂತದಲ್ಲಿ 5 ತಪ್ಪು, ಕಥೆಯನ್ನೂ ಹೇಳಿದ. ಹಾಗಾಗಿ ಎರಡೇ ಸರಿ ಅಂದುಕೊಂಡೆ. ಆದರೆ ನಾಲ್ಕು ಪುಟ ತಿರುವಿ ‘ಇದು ಪಾಪುಗಳ ಪುಸ್ತಕ ಅಮ್ಮಾ’ ಅಂತ ಮುಚ್ಚಿಟ್ಟ. ತಂಗಿ ಬೇರೆ ಪಕ್ಕದಲ್ಲೇ ಕೂತು ಅದನ್ನೇ ಪಟಪಟ ಓದುತ್ತಾಳೆ!

ವಾಕ್ಯ ಚಿಕ್ಕದಿರಬೇಕು, ಕಷ್ಟದ ಒತ್ತಕ್ಷರ ಜಾಸ್ತಿ ಇರಬಾರದು. ವಿಷಯ ಮಾತ್ರ ಹಾವು, ಏಡಿ, ಜೀಪು, ಪತ್ತೇದಾರಿ, ಹೀಗೆ ಅವನ ವಯಸ್ಸಿಗೆ ಹಿಡಿಸುವಂಥದ್ದು ಬೇಕು. ಹಂತದ ನಂಬರು ಮುಖಪುಟದಲ್ಲಿ ಎದ್ದು ಕಾಣದಿದ್ದರೆ ಇನ್ನೂ ಒಳ್ಳೆಯದು.

ಒಂದೇ ಕಥೆಯನ್ನು ಮೂರ್ನಾಲ್ಕು ದಿನ ಓದಿಸುವುದೋ, ದಿನಾ ಹೊಸದು ಕೊಡುವುದೋ? ಶನಿವಾರ ಶಿವಮೊಗ್ಗಕ್ಕೆ ಹೋಗುವವಳಿದ್ದೇನೆ. ಅಲ್ಲಿ ಸಿಗುವಂಥ ಪುಸ್ತಕವಿದ್ದರೆ ಹೆಸರು ತಿಳಿಸಿ.